ಮಂಡಿ ಬಿಟ್ಟ ಭಾರ ಮೀನಖಂಡ ಹೊತ್ತಾಗ

ಪ್ರಶ್ನೆ: ಮಂಡಿ ನೋವು ಅಂತ 10 ಮಿ.ಮೀ. ಡ್ರಾಪ್ ಶೂ ಬಿಟ್ಟು 4 ಮಿ.ಮೀ.ನದ್ದು ತಗೊಂಡೆ. ವಾರಕ್ಕೆ ಮೂರು ಸಲ 5 ಕಿ.ಮೀ. ಓಡ್ತೀನಿ. ಮಂಡಿ ಈಗ ಪರವಾಗಿಲ್ಲ, ಆದರೆ ಎರಡು ವಾರದಿಂದ ಮೀನಖಂಡ ಕಲ್ಲಿನ ಹಾಗೆ ಬಿಗಿದುಕೊಂಡಿದೆ. ಶೂ ತಪ್ಪಾ, ನಾನು ಓಡೋದು ತಪ್ಪಾ?

ಶೂ ಸರಿಯಾಗೇ ಇರಬಹುದು. ನೀವು ಒಂದೇ ದಿನಕ್ಕೆ ಪೂರ್ತಿ ಬದಲಾಯಿಸಿದ್ದೇ ತೊಂದರೆ ಅನ್ನಿಸುತ್ತೆ. ನಾನೂ ಇದೇ ತಪ್ಪು ಮಾಡಿ ಮೂರು ವಾರ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡವನು.

ಶೂ ಒಳಗೆ ಹಿಮ್ಮಡಿ ನೆಲದಿಂದ ಎಷ್ಟು ಮೇಲಿದೆ, ಬೆರಳ ಬುಡ ಎಷ್ಟು ಮೇಲಿದೆ, ಇವೆರಡರ ವ್ಯತ್ಯಾಸವೇ ಡ್ರಾಪ್. ಹಿಂದೆ 34, ಮುಂದೆ 24 ಇದ್ದರೆ ಡ್ರಾಪ್ 10. ಹಿಂದೆ ಮುಂದೆ ಎರಡೂ ಕಡೆ 30 ಇದ್ದರೆ, ಮೆತ್ತೆ ಎಷ್ಟೇ ದಪ್ಪವಿದ್ದರೂ ಡ್ರಾಪ್ ಸೊನ್ನೆ. ಮೆತ್ತಗಿರುವ ಶೂ ಮೀನಖಂಡಕ್ಕೆ ಹಿತ ಅಂದುಕೊಂಡು ಮೋಸ ಹೋಗುವವರು ಬಹಳ.

6 ಮಿ.ಮೀ. ಅಂದರೆ ಏನು ಮಹಾ ಅನ್ನಿಸಬಹುದು. ಹಿಮ್ಮಡಿಯಿಂದ ಬೆರಳ ಬುಡಕ್ಕೆ ಸುಮಾರು 170 ಮಿ.ಮೀ. ಹಿಡಿದರೆ, ಪಾದದ ಓರೆ ಬದಲಾಗೋದು ಬರೀ ಎರಡು ಡಿಗ್ರಿ. ಆದರೆ 5 ಕಿ.ಮೀ. ಓಟಕ್ಕೆ 35 ನಿಮಿಷ, ನಿಮಿಷಕ್ಕೆ 165 ಹೆಜ್ಜೆ ಅಂದರೂ ಒಂದೊಂದು ಕಾಲಿಗೆ 2,900 ಹೆಜ್ಜೆ ಹತ್ತಿರ ಬರುತ್ತೆ. ಪ್ರತಿ ಹೆಜ್ಜೆಯಲ್ಲೂ ಪಾದ ನೆಲದ ಮೇಲಿದ್ದಾಗ ಮಂಡಿಯ ಕೆಳಗಿನ ಕಾಲು ಪಾದದ ಮೇಲೆ ಮುಂದಕ್ಕೆ ಬಾಗುತ್ತೆ. ಅದನ್ನು ಬ್ರೇಕಿನ ಹಾಗೆ ಹಿಂದಿನಿಂದ ಹಿಡಿಯೋದು ಮೀನಖಂಡ ಮತ್ತು ಅದನ್ನು ಹಿಮ್ಮಡಿಗೆ ಕಟ್ಟಿರುವ ಅಕಿಲಿಸ್. ಹಿಮ್ಮಡಿ ಎತ್ತರದಲ್ಲಿದ್ದರೆ ಪಾದದ ಕೀಲು ಅಷ್ಟು ಬಾಗಬೇಕಿಲ್ಲ. ಅದನ್ನು ತಗ್ಗಿಸಿದರೆ ಈ ಸ್ನಾಯು ಇನ್ನಷ್ಟು ಚಾಚಿಕೊಂಡೇ ಭಾರ ಹೊರಬೇಕು. ವರ್ಷಗಟ್ಟಲೆ ಅದಕ್ಕೆ ಆ ಅಭ್ಯಾಸವೇ ಇರಲಿಲ್ಲ.

ಮಂಡಿಯದು ಬೇರೆ ಕಥೆ. ಹಿಮ್ಮಡಿ ದಪ್ಪ ಇದ್ದಾಗ ನಾವು ಕಾಲನ್ನು ಮುಂದೆ ಚಾಚಿ ಹಿಮ್ಮಡಿ ಮೇಲೆ ಬೀಳೋದು ಹೆಚ್ಚು. ಆಗ ಬಾಗಿದ ಮಂಡಿಯನ್ನು ತೊಡೆಯ ಮುಂದಿನ ಸ್ನಾಯು ಬಿಗಿಹಿಡಿಯುತ್ತೆ, ಮಂಡಿಚಿಪ್ಪು ಹಿಂದಿನ ಮೂಳೆಗೆ ಒತ್ತುತ್ತೆ. ಡ್ರಾಪ್ ಇಳಿದಾಗ ಹೆಜ್ಜೆ ಚಿಕ್ಕದಾಗಿ ಪಾದ ಮೈಯ ಕೆಳಗೇ ಬಿದ್ದರೆ ಆ ಒತ್ತಡ ತಗ್ಗುತ್ತೆ. ಹೆಜ್ಜೆ ಬದಲಾಗದೆ ಹಳೇ ಥರವೇ ಹಿಮ್ಮಡಿ ಕುಟ್ಟುತ್ತಿದ್ದರೆ ಮಂಡಿಗೆ ಲಾಭ ಕಮ್ಮಿ, ಮೀನಖಂಡಕ್ಕೆ ಕೆಲಸ ಮಾತ್ರ ಜಾಸ್ತಿ. ನಿಮ್ಮ ಮಂಡಿ ಹಗುರಾಗಿದೆ ಅಂದರೆ ಹೆಜ್ಜೆ ಬದಲಾಗಿರಬೇಕು. ಪಕ್ಕದಿಂದ ಯಾರಾದರೂ ಒಂದು ವಿಡಿಯೋ ತೆಗೆದರೆ ಗೊತ್ತಾಗುತ್ತೆ.

ಕಡಿಮೆ ಡ್ರಾಪ್ ಎಲ್ಲರಿಗೂ ಒಳ್ಳೇದು ಅಂತಲೂ ಇಲ್ಲ. ಲಕ್ಸೆಂಬರ್ಗ್‌ನಲ್ಲಿ 553 ಓಟಗಾರರಿಗೆ 10, 6, 0 ಮಿ.ಮೀ. ಶೂ ಕೊಟ್ಟು ಆರು ತಿಂಗಳು ನೋಡಿದ್ದರು (2016ರಲ್ಲಿ ಪ್ರಕಟವಾಯಿತು). ಒಟ್ಟಾರೆ ಗಾಯದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಪರೂಪಕ್ಕೆ ಓಡುವವರಿಗೆ ಕಡಿಮೆ ಡ್ರಾಪ್ ಅನುಕೂಲವಾದಂತೆ ಕಂಡರೆ, ನಿಯಮಿತವಾಗಿ ಓಡುವವರಲ್ಲಿ ಗಾಯ ಜಾಸ್ತಿ ಇತ್ತು.

ಈಗ ಮಾಡಬೇಕಾದ್ದು: ಹಳೇ ಶೂ ಎಸೆದಿಲ್ಲ ತಾನೆ? ಬಿಗಿತ ಇಳಿಯುವವರೆಗೆ ಅದರಲ್ಲೇ ನಿಧಾನವಾಗಿ ಓಡಿ. ಆಮೇಲೆ ಮೂರು ಓಟದಲ್ಲಿ ಒಂದನ್ನು ಮಾತ್ರ ಹೊಸ ಶೂನಲ್ಲಿ, ಅದೂ 2 ಕಿ.ಮೀ. ಮರುದಿನ ಬೆಳಿಗ್ಗೆ ಮಂಚದಿಂದ ಇಳಿದು ಇಡುವ ಮೊದಲ ಹತ್ತು ಹೆಜ್ಜೆ ಗಮನಿಸಿ. ಅಕಿಲಿಸ್ ಬಿಗಿ ಅನ್ನಿಸದಿದ್ದರೆ ಮುಂದಿನ ವಾರ 3 ಕಿ.ಮೀ., ಹೀಗೆ ಆರೆಂಟು ವಾರದಲ್ಲಿ ಪೂರ್ತಿ ಬದಲಾಯಿಸಬಹುದು. ಬಿಗಿ ಅನ್ನಿಸಿದರೆ ಆ ವಾರ ದೂರ ಏರಿಸಬೇಡಿ. ಜೊತೆಗೆ ಒಂಟಿ ಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ, ಒಮ್ಮೆ ಮಂಡಿ ನೆಟ್ಟಗಿಟ್ಟು, ಒಮ್ಮೆ ಸ್ವಲ್ಪ ಬಾಗಿಸಿ. ನನಗೆ ಮೊದಲು ಹನ್ನೆರಡಕ್ಕೇ ಕಾಲು ನಡುಗುತ್ತಿತ್ತು. ಇಪ್ಪತ್ತೈದು ದಾಟಿದ ಮೇಲೆ ಈ ಶೂ ಕಾಟ ಕೊಟ್ಟಿಲ್ಲ.

ಯಾರೋ ಹಿಂದಿನಿಂದ ಕಲ್ಲು ಹೊಡೆದ ಹಾಗೆ ಫಟ್ಟಂತ ನೋವು ಬಂದರೆ, ಅಥವಾ ಒಂದೇ ಕಾಲು ಊದಿ ಬಿಸಿಯಾದರೆ, ಅದು ಶೂ ವಿಚಾರ ಅಲ್ಲ. ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಈ ತಿಂಗಳು ನಂದಿ ಬೆಟ್ಟದಂಥ ಏರು ಬೇಡ. 170ಕ್ಕೆ 10 ಅಂದರೆ ಸುಮಾರು ಶೇಕಡಾ 6ರ ಇಳಿಜಾರು. ಹಾಗಾಗಿ ಅಷ್ಟೇ ಕಡಿದಾದ ಏರು ಹತ್ತುವಾಗ 10 ಮಿ.ಮೀ. ಶೂ ಕೂಡ ಪಾದದ ಓರೆಯ ಲೆಕ್ಕದಲ್ಲಿ ಸೊನ್ನೆ ಡ್ರಾಪ್ ಆಗಿಬಿಡುತ್ತೆ. 4 ಮಿ.ಮೀ.ನದ್ದಾದರೆ ಹಿಮ್ಮಡಿ ಬೆರಳಿಗಿಂತ ಕೆಳಗೇ ಹೋಗುತ್ತೆ.