ಕೊಲೆ ಪ್ರಕರಣದಲ್ಲಿ ಮಾನಸಿಕ ಕಾಯಿಲೆಯ ವಾದ

ಪ್ರಶ್ನೆ: ತಮ್ಮನಿಗೆ ಆರು ವರ್ಷದಿಂದ ಸ್ಕಿಜೋಫ್ರೇನಿಯಾ ಇದೆ. ಕೊಲೆ ಆರೋಪದಲ್ಲಿ ಶಿವಮೊಗ್ಗದ ಜೈಲಿನಲ್ಲಿದ್ದಾನೆ. ವೈದ್ಯರ ಪ್ರಮಾಣಪತ್ರ ಕೊಟ್ಟರೆ ಬಿಡುಗಡೆಯಾಗುತ್ತಾನೆಯೇ?

ಅದೊಂದರಿಂದಲೇ ಆಗುವುದಿಲ್ಲ. ನಾನು ಇಲ್ಲಿಯೇ ಕ್ರಿಮಿನಲ್ ವಕೀಲ. ನಿಮ್ಮಂತಹ ಕುಟುಂಬಗಳು ಎರಡು ಬೇರೆ ವಿಚಾರಗಳನ್ನು ಒಂದೇ ಎಂದುಕೊಂಡು ಕಷ್ಟಪಡುವುದನ್ನು ನೋಡುತ್ತಲೇ ಇರುತ್ತೇನೆ.

ಮೊದಲನೆಯದು ಇಂದಿನ ಸ್ಥಿತಿ. ವಿಚಾರಣೆ ಅರ್ಥವಾಗಿ, ವಕೀಲರಿಗೆ ತನ್ನ ಪರವಾದ ಮಾತು ಹೇಳುವಷ್ಟು ಅವನು ಸ್ವಸ್ಥನೇ? ಅನುಮಾನವಿದ್ದರೆ ವಕೀಲರು ನಾಗರಿಕ ಸುರಕ್ಷಾ ಸಂಹಿತೆಯ 368ನೇ ಕಲಮಿನಡಿ ಅರ್ಜಿ ಹಾಕಲಿ. ನ್ಯಾಯಾಲಯ ಮನೋವೈದ್ಯರ ವರದಿ ತರಿಸುತ್ತದೆ. ಅಸಮರ್ಥನೆಂದು ಕಂಡುಬಂದರೆ ವಿಚಾರಣೆಯನ್ನು ಮುಂದೂಡುತ್ತಾರೆ, ಪ್ರಕರಣ ಮುಗಿಯುವುದಿಲ್ಲ. ಗುಣವಾದ ಮೇಲೆ ಮತ್ತೆ ಕಟಕಟೆ ಹತ್ತಲೇಬೇಕು.

ಎರಡನೆಯದು ಕೃತ್ಯ ನಡೆದ ಗಳಿಗೆ. ನ್ಯಾಯ ಸಂಹಿತೆಯ 22ನೇ ಕಲಂ (2024ರ ಜುಲೈ 1ಕ್ಕೆ ಮುಂಚಿನ ಘಟನೆಯಾದರೆ ಹಳೆಯ ದಂಡ ಸಂಹಿತೆಯ 84) ಕೇಳುವುದು, ಆ ಹೊತ್ತಿನಲ್ಲಿ ತಾನು ಮಾಡುತ್ತಿರುವುದು ಏನೆಂದಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧವೆಂದಾಗಲಿ ತಿಳಿಯದ ಸ್ಥಿತಿ ಇತ್ತೇ ಎಂದು. ಕಾಯಿಲೆ ಇದ್ದ ಮಾತ್ರಕ್ಕೆ ಈ ರಕ್ಷಣೆ ಸಿಗದು. ಪಕ್ಕದ ಮನೆಯವನು ಬಾವಿಗೆ ವಿಷ ಹಾಕಿದನೆಂಬ ಭ್ರಮೆಯಿಂದ ಸೇಡು ತೀರಿಸಿಕೊಂಡವನಿಗೆ ಕೊಲ್ಲುವುದು ತಪ್ಪೆಂದು ತಿಳಿದೇ ಇತ್ತು ಎಂದು ನ್ಯಾಯಾಲಯ ಹೇಳಬಹುದು.

ಹೊಸನಗರದ ಕಡೆಯ ಒಂದು ಪ್ರಕರಣ ನಡೆಸಿದ್ದೆ. ಅಡಿಕೆ ತೋಟದಲ್ಲಿ ಯುವಕನೊಬ್ಬ ಚಿಕ್ಕಪ್ಪನನ್ನು ಕತ್ತಿಯಿಂದ ಕಡಿದಿದ್ದ. ಓಡಲಿಲ್ಲ, ಕತ್ತಿ ಬಚ್ಚಿಡಲಿಲ್ಲ, ಶವದ ಪಕ್ಕದಲ್ಲೇ ಕುಳಿತಿದ್ದ. ಮೊದಲು ಬಂದ ಕೂಲಿಯಾಳಿಗೆ, "ಚಿಕ್ಕಪ್ಪನ ವೇಷ ಹಾಕಿ ಬಂದಿತ್ತು, ಕೊಂದೆ. ಚಿಕ್ಕಪ್ಪ ಮನೆಯಲ್ಲಿದ್ದಾರೆ, ಕರೆಯಿರಿ" ಎಂದ. ತಾನು ಕೊಂದದ್ದು ಮನುಷ್ಯನನ್ನೆಂಬುದೇ ಅವನ ಅರಿವಿನಲ್ಲಿರಲಿಲ್ಲ. ಪಾಟೀಸವಾಲಿನಲ್ಲಿ ಆ ಕೂಲಿಯಾಳು ಈ ಮಾತನ್ನು ಹಾಗೆಯೇ ಹೇಳಿದ. ಕೊಲೆಗೆ ಎರಡು ತಿಂಗಳ ಮುಂಚಿನ ಹೊರರೋಗಿ ಚೀಟಿಯೂ, ಮಾತ್ರೆ ನಿಲ್ಲಿಸಿದ್ದನೆಂಬ ತಾಯಿಯ ಸಾಕ್ಷ್ಯವೂ ಅದಕ್ಕೆ ಬಲ ಕೊಟ್ಟವು.

ರುಜುವಾತಿನ ಹೊರೆ ನಿಮ್ಮದೇ. ಆದರೆ ಸಂಶಯಾತೀತವಾಗಿ ಸಾಬೀತು ಮಾಡಬೇಕಾಗಿಲ್ಲ, ಹಾಗಿದ್ದಿರುವುದೇ ಹೆಚ್ಚು ಸಂಭವ ಎಂದು ತೋರಿಸಿದರೆ ಸಾಕು. ದಾಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲೇ ಇದನ್ನು ಹೇಳಿದೆ. ಕೃತ್ಯದ ಹಿಂದಿನ, ಆಗಿನ ಮತ್ತು ನಂತರದ ನಡತೆಯನ್ನೂ ನೋಡಬೇಕೆಂದಿದೆ. ಹಾಗಾಗಿ ಈಗ ಬರೆಸಿದ ಪ್ರಮಾಣಪತ್ರಕ್ಕಿಂತ ಹಳೆಯ ಚೀಟಿ, ಔಷಧಿ ಅಂಗಡಿಯ ರಸೀದಿ ಹೆಚ್ಚು ತೂಗುತ್ತವೆ. ನಮ್ಮ ಮಲೆನಾಡಿನಲ್ಲಿ ಎಷ್ಟೋ ಮನೆಯವರು ಆಸ್ಪತ್ರೆಗಿಂತ ಮೊದಲು ಮಂತ್ರವಾದಿಯ ಬಳಿಗೆ ಹೋಗಿರುತ್ತಾರೆ. ನೀವೂ ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ಆಗ ಜೊತೆಗೆ ಬಂದ ನೆಂಟರೂ ಸಾಕ್ಷಿಯಾಗಬಲ್ಲರು. ಬಂಧನವಾದ ಕೂಡಲೇ ಪೊಲೀಸರು ಮಾನಸಿಕ ತಪಾಸಣೆ ಮಾಡಿಸಿದ್ದರೇ ಎಂಬುದನ್ನೂ ವಕೀಲರು ತನಿಖಾಧಿಕಾರಿಯನ್ನು ಕೇಳಲಿ.

ಈ ವಾದ ಗೆದ್ದರೂ ಅವನು ಅಂದೇ ಮನೆಗೆ ಬರುವುದು ಖಚಿತವಲ್ಲ. ಕೃತ್ಯವನ್ನು ಅವನೇ ಮಾಡಿದ್ದನೆಂದು ದಾಖಲಿಸಿ ಖುಲಾಸೆ ಮಾಡಿದ ನ್ಯಾಯಾಧೀಶರು, ನಾಗರಿಕ ಸುರಕ್ಷಾ ಸಂಹಿತೆಯ 374ನೇ ಕಲಮಿನಡಿ ಅವನನ್ನು ಸುರಕ್ಷಿತ ಅಭಿರಕ್ಷೆಯಲ್ಲಿ ಇರಿಸಬಹುದು, ಇಲ್ಲವೇ ಭದ್ರತೆ ಪಡೆದು ಬಂಧುಗಳಿಗೆ ಒಪ್ಪಿಸಬಹುದು. ಮಾತ್ರೆ ನುಂಗಿಸುವವರು, ತಪಾಸಣೆಗೆ ಕರೆದೊಯ್ಯುವವರು ಯಾರು ಎಂದು ಮನೆಯಲ್ಲಿ ಈಗಲೇ ತೀರ್ಮಾನಿಸಿ. ನ್ಯಾಯಾಧೀಶರು ನಿಮ್ಮನ್ನು ಕೇಳುವುದು ಅದನ್ನೇ.