ಚಿಕ್ಕದು ಮಾಡಿದರೆ ಬರಹ ಸುತ್ತೋಲೆಯಂತಾಗುವುದೇಕೆ?

ಪ್ರಶ್ನೆ: ಹಳ್ಳಿಯವರಿಗಾಗಿ ಸರಳವಾಗಿ ಬರೆದದ್ದನ್ನು ಅರ್ಧಕ್ಕೆ ಇಳಿಸಿದಾಗಲೆಲ್ಲ ಅದು ಸರ್ಕಾರಿ ಸುತ್ತೋಲೆಯಂತಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ವಿಜಯಪುರದಲ್ಲಿ ಆರೋಗ್ಯದ ಕರಪತ್ರ ಬರೆಯುವುದು ನನ್ನ ಕೆಲಸ. ನಾನೂ ಇದೇ ತಪ್ಪು ಮಾಡಿದ್ದೇನೆ. ‘ಮಗುವಿಗೆ ಭೇದಿಯಾದರೆ’ ಎಂಬ ತಲೆಬರಹದ ಕೆಳಗೆ ಮೊದಲು ಹೀಗೆ ಬರೆದಿದ್ದೆ:

“ಭೇದಿಯಾದಾಗ ಮಗುವಿನ ಮೈಯಿಂದ ನೀರೂ ಉಪ್ಪೂ ಹೋಗುತ್ತವೆ. ಅದಕ್ಕೆ ಒಂದು ಲೀಟರ್ ಕುಡಿಯುವ ನೀರು ತೆಗೆದುಕೊಳ್ಳಿ. ಅದರಲ್ಲಿ ದೊಡ್ಡ ಪೊಟ್ಟಣದ ಓಆರ್‌ಎಸ್ ಪುಡಿಯನ್ನು ಪೂರ್ತಿ ಹಾಕಿ, ಕರಗುವ ತನಕ ಕಲಕಿ. ಮಗುವಿಗೆ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಿ. 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ.”

32 ಪದ. ಹಾಳೆಯಲ್ಲಿ ಜಾಗವಿಲ್ಲವೆಂದು ಇದನ್ನು 14ಕ್ಕೆ ಇಳಿಸಿದೆ: “ಅತಿಸಾರಪೀಡಿತ ಮಗುವಿಗೆ ಒಂದು ಲೀಟರ್ ನೀರಿನಲ್ಲಿ ಮಿಶ್ರಣಗೊಳಿಸಿದ ಓಆರ್‌ಎಸ್ ದ್ರಾವಣವನ್ನು ಮಿತಪ್ರಮಾಣದಲ್ಲಿ ನೀಡತಕ್ಕದ್ದು, 24 ಗಂಟೆಗಳ ನಂತರ ವಿಲೇವಾರಿಗೊಳಿಸತಕ್ಕದ್ದು.”

ಇಂಡಿ ಕಡೆಯ ಹಳ್ಳಿಯೊಂದರಲ್ಲಿ ಇದನ್ನು ಓದಿ ಹೇಳಿದಾಗ ಒಬ್ಬ ಅಜ್ಜಿ, “ವಿಲೇವಾರಿ ಎಂದರೆ ಎಲ್ಲಿಗೆ ಕೊಟ್ಟು ಬರಬೇಕು ತಮ್ಮಾ?” ಎಂದು ಕೇಳಿದರು. ಕಚೇರಿಯ ಕಡತದ ವಿಷಯದಲ್ಲಲ್ಲದೆ ಆ ಪದವನ್ನು ಅವರು ಬೇರೆಲ್ಲೂ ಕೇಳಿರಲಿಲ್ಲ. ನಾನು ನಾಚಿಕೊಂಡದ್ದು ಇನ್ನೊಂದಕ್ಕೆ: ದೊಡ್ಡ ಪೊಟ್ಟಣವನ್ನೇ ಪೂರ್ತಿ ಹಾಕಬೇಕು ಎಂಬ ಮಾತೇ ಬಿಟ್ಟುಹೋಗಿತ್ತು. 200 ಮಿಲಿಲೀಟರ್ ನೀರಿಗೆ ಹಾಕುವ ಸಣ್ಣ ಪೊಟ್ಟಣವೂ ಸಿಗುತ್ತದೆ. ಅದನ್ನೇ ಒಂದು ಲೀಟರ್ ನೀರಿಗೆ ಹಾಕಿದರೆ ದ್ರಾವಣ ತೀರ ತೆಳುವಾಗುತ್ತದೆ.

ಆದದ್ದಿಷ್ಟು. ಹಾಕಿ, ಕಲಕಿ ಎಂದು ಒಂದೊಂದಾಗಿ ಮಾಡುವ ಕೆಲಸಗಳು ‘ಮಿಶ್ರಣಗೊಳಿಸಿದ’ ಎಂಬ ವಿಶೇಷಣದೊಳಗೆ ಸೇರಿಕೊಂಡವು. ಕಲಕುವವರು ಯಾರು, ಅಮ್ಮನೋ ಅಂಗಡಿಯವನೋ? ವಾಕ್ಯ ಹೇಳುವುದಿಲ್ಲ. ಕನ್ನಡದಲ್ಲಿ ಸಮಾಸ ಮಾಡಿದರೆ ಪದದ ಲೆಕ್ಕ ಇಳಿಯುತ್ತದೆ, ಓದುವ ಭಾರ ಇಳಿಯುವುದಿಲ್ಲ.

ಈಗ ಚಿಕ್ಕದು ಮಾಡುವಾಗ ವಾಕ್ಯಗಳನ್ನು ಬಿಗಿಯುವುದಿಲ್ಲ. ಯಾವ ಸಂಗತಿ ಇಲ್ಲದಿದ್ದರೂ ನಡೆಯುತ್ತದೆ ಎಂದು ಹುಡುಕುತ್ತೇನೆ. ನೀರೂ ಉಪ್ಪೂ ಹೋಗುವ ವಿಷಯವನ್ನು ಆಶಾ ಕಾರ್ಯಕರ್ತೆ ಬಾಯಲ್ಲೇ ಹೇಳುತ್ತಾರೆ, ಆ ವಾಕ್ಯ ಇಡಿಯಾಗಿ ಹೋಯಿತು. ಭೇದಿಯ ಮಾತು ತಲೆಬರಹದಲ್ಲಿದೆ. ಉಳಿದದ್ದು:

“ಒಂದು ಲೀಟರ್ ಕುಡಿಯುವ ನೀರಿಗೆ ದೊಡ್ಡ ಪೊಟ್ಟಣದ ಓಆರ್‌ಎಸ್ ಪೂರ್ತಿ ಹಾಕಿ ಕಲಕಿ. ಮಗುವಿಗೆ ಸ್ವಲ್ಪ ಸ್ವಲ್ಪವೇ ಕುಡಿಸಿ. 24 ಗಂಟೆ ಕಳೆದರೆ ಚೆಲ್ಲಿ.”

18 ಪದ. ಬಿಗಿದ ಬರಹಕ್ಕಿಂತ ನಾಲ್ಕೇ ಹೆಚ್ಚು.

ಮುಗಿದ ಮೇಲೆ ಏಳು ಅಕ್ಷರ ಅಥವಾ ಅದಕ್ಕೂ ಉದ್ದದ ಪದಗಳನ್ನು ಎಣಿಸಿ, ಮೂಲದ ಜೊತೆ ಹೋಲಿಸುತ್ತೇನೆ. ಮೂಲದಲ್ಲಿ ಒಂದೂ ಇಲ್ಲ, ಬಿಗಿದದ್ದರಲ್ಲಿ ನಾಲ್ಕು, ಕೊನೆಯದರಲ್ಲಿ ಮತ್ತೆ ಸೊನ್ನೆ. ಬೇರೆಯವರ ಬರಹವನ್ನು ಈ ಲೆಕ್ಕದಿಂದ ಅಳೆಯಬೇಡಿ; ‘ಮನೆಯವರೆಲ್ಲರಿಗೂ’ ಉದ್ದದ ಪದವೇ, ಆದರೆ ಯಾರಿಗೂ ಕಷ್ಟವಲ್ಲ. ಆಮೇಲೆ ಒಬ್ಬರಿಗೆ ಓದಿ ಹೇಳಿ, “ಈಗ ಏನು ಮಾಡುತ್ತೀರಿ?” ಎಂದು ಕೇಳುತ್ತೇನೆ. “ಅರ್ಥವಾಯಿತೇ?” ಎಂದು ಕೇಳಿದರೆ ಎಲ್ಲರೂ ಹೌದು ಎಂದೇ ತಲೆಯಾಡಿಸುತ್ತಾರೆ.