ಹಾಲು ಬರುವ ಮುಳ್ಳಿನ ಗಿಡ ಕ್ಯಾಕ್ಟಸ್ಸೇ?

“ಉಡುಪಿಯ ಒಂದು ನರ್ಸರಿಯಲ್ಲಿ ಕ್ಯಾಕ್ಟಸ್ ಅಂತ ಕೊಟ್ಟರು. ಮೂರು ಏಣಿನ ಕಂಬದ ಹಾಗಿದೆ. ತುದಿ ಮುರಿದಾಗ ಬಿಳಿ ಹಾಲು ಬಂತು. ಇದು ಕ್ಯಾಕ್ಟಸ್ಸೇ?”

ಹೆಚ್ಚಾಗಿ ಯುಫೋರ್ಬಿಯಾ, ಅಂದರೆ ನಮ್ಮ ಚದುರಗಳ್ಳಿಯ ಬಳಗ. ಆದರೆ ಹಾಲೊಂದನ್ನೇ ನೋಡಿ ತೀರ್ಮಾನಿಸಬೇಡಿ. ಮ್ಯಾಮಿಲೇರಿಯಾ ಎಂಬ ಗುಂಡು ಕ್ಯಾಕ್ಟಸ್‌ಗಳಲ್ಲೂ ಕೆಲವಕ್ಕೆ ಹಾಲಿದೆ.

ಮೊದಲು ಮುಳ್ಳಿನ ಬುಡವನ್ನು ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿ. ಕ್ಯಾಕ್ಟಸ್ ಆದರೆ ಅಲ್ಲಿ ಹತ್ತಿಯಂಥ ಪುಟ್ಟ ದಿಂಬು ಇರುತ್ತದೆ. ಅದೇ ಅರಿಯೋಲ್. ಮುಳ್ಳು, ಹೂವು, ಹೊಸ ಕವಲು ಎಲ್ಲ ಹುಟ್ಟುವುದು ಅದರಿಂದಲೇ. ಪಾಪಾಸುಕಳ್ಳಿ ನಿಜವಾದ ಕ್ಯಾಕ್ಟಸ್, ಸಿಕ್ಕರೆ ಪಕ್ಕದಲ್ಲಿಟ್ಟು ಹೋಲಿಸಿ. ನಿಮ್ಮಂಥ ಯುಫೋರ್ಬಿಯಾದಲ್ಲಿ ದಿಂಬು ಇರುವುದಿಲ್ಲ. ಏಣಿನ ಮೇಲೆ ಗಟ್ಟಿ ಕಂದು ಚುಕ್ಕೆ, ಅದರಿಂದ ಎತ್ತಿನ ಕೊಂಬಿನ ಹಾಗೆ ಎರಡೇ ಮುಳ್ಳು.

ನಮ್ಮ ಕರಾವಳಿಯ ಸೆಕೆಗೆ ಹಿಟ್ಟುತಿಗಣೆ ಜಾಸ್ತಿ ಅಲ್ವಾ, ಅದೂ ಬಿಳಿ ಹತ್ತಿಯ ಹಾಗೇ ಕಾಣುತ್ತದೆ. ನಾನೇ ಒಮ್ಮೆ ಅದನ್ನು ಅರಿಯೋಲ್ ಅಂದುಕೊಂಡಿದ್ದೆ! ಕಿವಿಕಡ್ಡಿಯಿಂದ ಮೆಲ್ಲಗೆ ಒರೆಸಿ. ತಿಗಣೆಯಾದರೆ ಅಂಟಂಟಾಗಿ ಎದ್ದು ಬರುತ್ತದೆ. ಅರಿಯೋಲ್ ಅಲ್ಲೇ ಇರುತ್ತದೆ, ಸಾಲಾಗಿ ಒಂದೇ ಅಂತರದಲ್ಲಿ.

ಹಾಲನ್ನು ಇನ್ನೊಮ್ಮೆ ನೋಡಲೇಬೇಕು ಅನಿಸಿದರೆ ಮಾತ್ರ ಸೂಜಿಯಿಂದ ಒಂದು ಕಡೆ ಚುಚ್ಚಿ. ಕೈಗವಸು ಹಾಕಿ, ಮುಖ ದೂರ ಇಟ್ಟುಕೊಳ್ಳಿ. ಯುಫೋರ್ಬಿಯಾದ ಹಾಲು ಚರ್ಮ ಉರಿಸುತ್ತದೆ, ಕಣ್ಣಿಗೆ ತುಂಬಾ ಕೆಟ್ಟದ್ದು. ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಹದಿನೈದು ನಿಮಿಷ ನೀರು ಬಿಟ್ಟು ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಯಾವ ಜಾತಿ ಎಂದು ಫೋಟೋ ಇಲ್ಲದೆ ಹೇಳಲಾರೆ. ಒಂದು ಏಣು, ಮುಳ್ಳಿನ ಬುಡ ಸ್ಪಷ್ಟವಾಗಿ ಕಾಣುವ ಹಾಗೆ ತೆಗೆದು ಹಾಕಿ.